ಅಂಕಿ ಈಗಲೇ, ಸ್ಲಿಪ್ ಆಮೇಲೆ

ಬೆಂಗಳೂರಿನಲ್ಲಿ ಕೆಲಸ ಬದಲಿಸಲು ಹೊರಟವರಿಗೆ ಬರುವ ಮೊದಲ ಫೋನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹೆಸರು ಸರಿಯೇ ಎಂದು ಕೇಳುತ್ತಾರೆ, ಒಟ್ಟು ಎಷ್ಟು ವರ್ಷದ ಅನುಭವ ಎನ್ನುತ್ತಾರೆ, ಆಮೇಲೆ ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ: ಕರೆಂಟ್ ಸಿಟಿಸಿ ಎಷ್ಟು, ಎಕ್ಸ್‌ಪೆಕ್ಟೆಡ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ. ಕಂಪನಿ ಯಾವುದು, ಕೆಲಸ ಏನು, ಆಫೀಸು ವೈಟ್‌ಫೀಲ್ಡಿನಲ್ಲೋ ಮಾನ್ಯತಾದಲ್ಲೋ ಎಂಬುದು ನಮಗಿನ್ನೂ ಗೊತ್ತಾಗಿರುವುದಿಲ್ಲ. ಅಷ್ಟರಲ್ಲೇ ನಾಲ್ಕನೆಯ ಮಾತೂ ಬಂದುಬಿಡುತ್ತದೆ: ‘ಕಳೆದ ಮೂರು ತಿಂಗಳ ಪೇಸ್ಲಿಪ್ ವಾಟ್ಸಾಪ್ ಮಾಡಿಬಿಡಿ.’

ಹೆಚ್ಚಿನವರು ಮಾಡಿಬಿಡುತ್ತಾರೆ. ಕೊಡದಿದ್ದರೆ ಕೆಲಸ ಕೈತಪ್ಪೀತು ಎಂಬ ಭಯ ಒಂದು ಕಡೆ, ಮುಚ್ಚಿಡುವುದೇನಿದೆ ಎಂಬ ಸಂಕೋಚ ಇನ್ನೊಂದು ಕಡೆ. ಇನ್ನು ಕೆಲವರು ‘ಅದನ್ನೆಲ್ಲ ಹೇಳೋಕಾಗಲ್ಲ’ ಎಂದು ಗಡುಸಾಗಿ ಹೇಳಿ ಫೋನಿಡುತ್ತಾರೆ. ಮತ್ತೆ ಆ ಕಡೆಯಿಂದ ಕರೆ ಬರುವುದಿಲ್ಲ. ಈ ಎರಡರ ನಡುವೆ ಒಂದು ದಾರಿ ಇದೆ. ಸ್ಲಿಪ್ಪನ್ನು ಆ ಹೊತ್ತಿಗೆ ಕೊಡದೆ, ಕೇಳಿದವರ ಕೆಲಸ ಮಾತ್ರ ನಿಲ್ಲದ ಹಾಗೆ ಒಂದು ಅಂಕಿಯನ್ನು ಕೈಗಿಡುವುದು. ಹೇಳುವುದು ಸುಲಭ, ಆದರೆ ಆ ಅಂಕಿಯನ್ನು ಮೊದಲೇ ಕೂತು ಲೆಕ್ಕ ಹಾಕಿರಬೇಕು.

ಮೊದಲು ಆಚೆ ಬದಿಯಲ್ಲಿ ಕೂತವರ ಪಾಡು ನೋಡೋಣ. ಫೋನು ಮಾಡಿದವರು ಬಹಳ ಸಲ ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರು. ಅವರ ಮುಂದೆ ಒಂದು ಎಕ್ಸೆಲ್ ಹಾಳೆ ತೆರೆದಿರುತ್ತದೆ. ಅದನ್ನು ಅವರು ಟ್ರ್ಯಾಕರ್ ಎನ್ನುತ್ತಾರೆ. ಹೆಸರು, ಅನುಭವ, ಈಗಿನ ಸಿಟಿಸಿ, ನಿರೀಕ್ಷೆ, ನೋಟಿಸ್, ಕೈಯಲ್ಲಿ ಬೇರೆ ಆಫರ್ ಇದೆಯೇ ಎಂದೆಲ್ಲ ಕಾಲಂಗಳು. ಖಾಲಿ ಮನೆ ಬಿಟ್ಟು ಕಳಿಸಿದರೆ ಕಂಪನಿಯ ಎಚ್‌ಆರ್ ಹಾಳೆಯನ್ನು ವಾಪಸ್ ಅಟ್ಟುತ್ತಾರೆ. ಹಾಗಾಗಿ ಕೇಳುವವರಿಗೆ ನಿಮ್ಮ ಮೇಲೆ ಹಗೆತನವೇನೂ ಇಲ್ಲ, ಅವರಿಗೆ ಕಾಲಂ ತುಂಬಬೇಕು. ಅಷ್ಟೇ ಅಲ್ಲ, ಅವರ ಕಮಿಷನ್ನು ಸಾಮಾನ್ಯವಾಗಿ ನಿಮ್ಮ ಮೊದಲ ವರ್ಷದ ಸಂಬಳದ ಇಂತಿಷ್ಟು ಶೇಕಡಾ ಎಂದಿರುತ್ತದೆ. ಒಂದು ತಿಂಗಳ ಸಂಬಳಕ್ಕೆ ಸಮನಾದ ಶೇ. 8.33 ಎಂಬುದು ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ದರ. ನಿಮಗೆ ಹೆಚ್ಚು ಸಿಕ್ಕರೆ ಅವರಿಗೂ ಹೆಚ್ಚು. ಆದರೆ ನಿಮಗೆ ಒಂದು ಲಕ್ಷ ಹೆಚ್ಚು ಕೊಡಿಸಿದರೆ ಅವರಿಗೆ ಬರುವುದು ಎಂಟು ಸಾವಿರ ಚಿಲ್ಲರೆ. ಅದಕ್ಕಾಗಿ ಜಗ್ಗಾಡಿ ಇಡೀ ಅಭ್ಯರ್ಥಿಯನ್ನೇ ಕಳೆದುಕೊಳ್ಳುವ ಬದಲು ಬೇಗ ಮುಗಿಸುವುದೇ ಅವರಿಗೆ ಲಾಭ.

ಕಂಪನಿಯ ಎಚ್‌ಆರ್‌ಗೆ ಸ್ಲಿಪ್ ಬೇಕಾಗುವುದು ಬೇರೆ ಕಾರಣಕ್ಕೆ. ನಮ್ಮಲ್ಲಿ ಬಹುತೇಕ ಕಡೆ ಹೊಸ ಸಂಬಳವನ್ನು ಹಳೆಯ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ‘ಹೈಕ್’ ಎಂದು ಲೆಕ್ಕ ಹಾಕುವುದು ರೂಢಿ. ಹುದ್ದೆಗೆ ಅವರ ಬಳಿ ಒಂದು ಬಜೆಟ್ ಇದ್ದೇ ಇರುತ್ತದೆ. ಹಾಗಿದ್ದೂ ಹಳೆಯ ಅಂಕಿ ಕಣ್ಣಿಗೆ ಬಿದ್ದ ಮೇಲೆ ಬಜೆಟ್ ಹಿಂದಕ್ಕೆ ಸರಿದು ಶೇ. 30 ಎಂಬ ಲೆಕ್ಕ ಮುಂದೆ ಬರುತ್ತದೆ. ಒಂದೇ ಕೆಲಸಕ್ಕೆ, ಒಂದೇ ಅನುಭವದ ಇಬ್ಬರು ಬಂದರೆ, ಹಿಂದೆ ಕಡಿಮೆ ಪಡೆದವರು ಇಲ್ಲೂ ಕಡಿಮೆಯನ್ನೇ ಪಡೆಯುತ್ತಾರೆ. ಮೊದಲ ಕೆಲಸವನ್ನು ಕಷ್ಟಕಾಲದಲ್ಲಿ ಸಿಕ್ಕಷ್ಟಕ್ಕೆ ಒಪ್ಪಿಕೊಂಡವರಿಗೆ, ಮಗು ಹುಟ್ಟಿದ ಮೇಲೆ ಎರಡು ವರ್ಷ ಮನೆಯಲ್ಲಿದ್ದು ಕಡಿಮೆ ಸಂಬಳಕ್ಕೆ ಮರಳಿದವರಿಗೆ, ಮೈಸೂರು ಹುಬ್ಬಳ್ಳಿಯ ಸಣ್ಣ ಕಂಪನಿಯಿಂದ ಬೆಂಗಳೂರಿಗೆ ಬರುವವರಿಗೆ ಆ ಹಳೆಯ ಅಂಕಿ ಬೆನ್ನು ಬಿಡುವುದೇ ಇಲ್ಲ.

ಈ ಬೆನ್ನುಬೀಳುವ ಅಂಕಿಯ ಮೇಲೆ ಅಮೆರಿಕದಲ್ಲಿ ಒಂದು ಮೊಕದ್ದಮೆಯೇ ನಡೆದಿದೆ. ಅಯ್ಲೀನ್ ರಿಸೊ ಎಂಬ ಗಣಿತ ಶಿಕ್ಷಕಿ ಅರಿಜೋನಾದಿಂದ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕೌಂಟಿಯ ಶಿಕ್ಷಣ ಕಚೇರಿಗೆ ಕೆಲಸಕ್ಕೆ ಬಂದರು. ಆ ಕಚೇರಿಯ ನಿಯಮ ಸರಳ: ಹಿಂದಿನ ಸಂಬಳಕ್ಕೆ ಶೇ. 5 ಸೇರಿಸಿ ಹೊಸ ಸಂಬಳ ಗೊತ್ತುಮಾಡುವುದು. 2012ರಲ್ಲಿ ಸಹೋದ್ಯೋಗಿಗಳ ಜೊತೆ ಊಟ ಮಾಡುತ್ತಿದ್ದಾಗ, ತನಗಿಂತ ಹೊಸದಾಗಿ ಬಂದ ಗಂಡಸೊಬ್ಬರಿಗೆ ಅದೇ ಕೆಲಸಕ್ಕೆ ಹೆಚ್ಚು ಸಂಬಳ ಎಂಬುದು ಅವರಿಗೆ ತಿಳಿಯಿತು. ಮೊಕದ್ದಮೆ ಹೂಡಿದರು. 2018ರಲ್ಲಿ ಅಲ್ಲಿನ ಒಂಬತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಹೆಣ್ಣು ಗಂಡಿನ ಸಂಬಳದ ಅಂತರಕ್ಕೆ ಹಿಂದಿನ ಸಂಬಳವನ್ನು ನೆಪ ಮಾಡುವ ಹಾಗಿಲ್ಲ ಎಂದಿತು. ಆದರೆ ತೀರ್ಪು ಬರೆದ ನ್ಯಾಯಾಧೀಶರು ತೀರ್ಪು ಪ್ರಕಟವಾಗುವ ಕೆಲವೇ ದಿನ ಮೊದಲು ತೀರಿಕೊಂಡಿದ್ದರು. ತೀರಿಕೊಂಡವರ ಮತವನ್ನು ಎಣಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ಬದಿಗಿಟ್ಟಿತು. 2020ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ ಮತ್ತೆ ಕೂತು ರಿಸೊ ಪರವಾಗಿಯೇ ಹೇಳಿತು.

ಅಷ್ಟರೊಳಗೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಬಂದಿತ್ತು. 2018ರ ಜನವರಿಯಿಂದ ಅಲ್ಲಿ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವ ಹಾಗಿಲ್ಲ. 2023ರಿಂದ ಹದಿನೈದು ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ಬರೆಯಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನವೂ ಹಳೆಯ ಸಂಬಳ ಕೇಳಬಾರದು, ಹುದ್ದೆಯ ಸಂಬಳವನ್ನು ಮೊದಲೇ ತಿಳಿಸಬೇಕು ಎನ್ನುತ್ತದೆ. ನಮ್ಮಲ್ಲಿ ಹಾಗೆ ತಡೆಯುವ ಕಾನೂನಿಲ್ಲ. ಕೇಳಬಹುದು, ಹಾಗೆಯೇ ಕೊಡಲೇಬೇಕೆಂದೂ ಕಾನೂನಿಲ್ಲ. ವಿಚಿತ್ರವೆಂದರೆ ಸ್ಯಾನ್ ಹೋಸೆಯ ಕಚೇರಿಗೆ ಕನ್ನಡಿಗರೊಬ್ಬರು ಅರ್ಜಿ ಹಾಕಿದರೆ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಯನ್ನು, ಅದೇ ಕಂಪನಿಯ ಹೊರವರ್ತುಲ ರಸ್ತೆಯ ಕಚೇರಿ ಮೊದಲ ಫೋನಿನಲ್ಲೇ ಕೇಳಬಹುದು.

ಈಗ ಸ್ಲಿಪ್ಪನ್ನೇ ಕೈಗೆತ್ತಿಕೊಳ್ಳೋಣ. ಒಂದು ಕಾಲ್ಪನಿಕ ಉದಾಹರಣೆ. ಆರು ವರ್ಷ ಅನುಭವದ ಸಾಫ್ಟ್‌ವೇರ್ ಟೆಸ್ಟರ್ ಹೆಣ್ಣುಮಗಳು, ವಿಜಯನಗರದಲ್ಲಿ ವಾಸ, ಸಿಟಿಸಿ ವರ್ಷಕ್ಕೆ 9.6 ಲಕ್ಷ. ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಆದರೆ ವಿಂಗಡಣೆ ಬೆಂಗಳೂರಿನ ಯಾವ ಕಂಪನಿಯಲ್ಲೂ ಕಾಣುವಂಥದ್ದೇ. ಬೇಸಿಕ್ ಸಿಟಿಸಿಯ ಅರ್ಧ, ಅಂದರೆ 4.8 ಲಕ್ಷ. ವೇರಿಯಬಲ್ ಶೇ. 10, ಅಂದರೆ 96,000. ಇದು ವರ್ಷಕ್ಕೊಮ್ಮೆ ಬರುವ ಹಣ, ಅದೂ ಕಂಪನಿಯ ಕೃಪೆಯಿದ್ದಷ್ಟು. ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 1,800ರಂತೆ 21,600. ಗ್ರಾಚ್ಯುಯಿಟಿಗೆಂದು ಬೇಸಿಕ್‌ನ ಶೇ. 4.81, ಸುಮಾರು 23,000. ಆರೋಗ್ಯ ವಿಮೆಗೆ 12,000. ಇವನ್ನೆಲ್ಲ ಕಳೆದರೆ ಉಳಿಯುವುದು ಸುಮಾರು 8.07 ಲಕ್ಷ. ತಿಂಗಳ ಸ್ಲಿಪ್ಪಿನಲ್ಲಿ ‘ಗ್ರಾಸ್’ ಎಂದು ಕಾಣುವುದು 67,000 ಚಿಲ್ಲರೆ. ಅದರಲ್ಲಿ ಆಕೆಯ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುವುದು 65,000 ಚಿಲ್ಲರೆ.

ಅಂದರೆ ಆಕೆಯ ಸ್ಲಿಪ್ಪು ಆಕೆಯ ಸಂಬಳವನ್ನು ಇದ್ದದ್ದಕ್ಕಿಂತ ಕಡಿಮೆ ಮಾಡಿ ತೋರಿಸುತ್ತದೆ. ವೇರಿಯಬಲ್ ಅಲ್ಲಿಲ್ಲ, ಗ್ರಾಚ್ಯುಯಿಟಿ ಇಲ್ಲ, ಏಪ್ರಿಲ್‌ನಲ್ಲಿ ಬರಬೇಕಾದ ಇನ್‌ಕ್ರಿಮೆಂಟ್ ಇಲ್ಲ. ‘ನೀವು 9.6 ಅಂದಿರಿ, ಸ್ಲಿಪ್ ಪ್ರಕಾರ 8 ಲಕ್ಷ ಅಷ್ಟೇ ಆಗುತ್ತಲ್ಲ’ ಎಂಬ ಪ್ರಶ್ನೆಗೆ ಅಭ್ಯರ್ಥಿಗಳು ತಬ್ಬಿಬ್ಬಾಗುವುದು ಇಲ್ಲಿಯೇ. ಕಾಣಬಾರದ್ದು ಮಾತ್ರ ಎಲ್ಲವೂ ಕಾಣುತ್ತದೆ: ಪ್ಯಾನ್, ಪಿಎಫ್‌ನ ಯುಎಎನ್ ಸಂಖ್ಯೆ, ಬ್ಯಾಂಕ್ ಖಾತೆ, ಎಂಪ್ಲಾಯೀ ಐಡಿ. ಬ್ಯಾಂಕುಗಳು ವೈಯಕ್ತಿಕ ಸಾಲಕ್ಕೆ ಕೇಳುವ ಕಾಗದಗಳಲ್ಲಿ ಮುಖ್ಯವಾದದ್ದು ಮೂರು ತಿಂಗಳ ಸ್ಲಿಪ್ಪೇ. ಕೆಲಸ ಕೊಡಿಸುತ್ತೇವೆಂದು ನಂಬಿಸಿ ಇಂಥ ಕಾಗದ ಸಂಗ್ರಹಿಸುವವರೂ ಇದ್ದಾರೆ. ಕಂಪನಿಯ ಹೆಸರಿನ ಇಮೇಲ್ ಇಲ್ಲದೆ, ಹುದ್ದೆಯ ವಿವರ ಕಳಿಸದೆ, ಬರೀ ವಾಟ್ಸಾಪಿನಲ್ಲಿ ಸ್ಲಿಪ್ಪು, ಆಧಾರ್, ಪ್ಯಾನ್ ಮೂರನ್ನೂ ಒಟ್ಟಿಗೆ ಕೇಳಿದರೆ ಅಲ್ಲಿಗೇ ಮಾತು ಮುಗಿಸಬಹುದು. ಅಂಥ ಕಡೆ ಈ ಲೇಖನದ ನಯವಿನಯ ಯಾವುದೂ ಬೇಕಿಲ್ಲ.

ಇನ್ನು ಶ್ರೇಣಿ. ಸ್ಲಿಪ್ಪಿನ ಬದಲು ನಾವು ಕೊಡಬೇಕಾದದ್ದು ಇದನ್ನೇ. ‘ಮಾರ್ಕೆಟ್ ಪ್ರಕಾರ ಕೊಡಿ’, ‘ನಿಮ್ಮ ಬಜೆಟ್ ನೋಡಿ ಹೇಳಿ’, ‘ನೆಗೋಷಿಯೆಬಲ್’ ಎಂಬ ಉತ್ತರಗಳನ್ನು ಟ್ರ್ಯಾಕರ್‌ನಲ್ಲಿ ಬರೆಯಲಾಗುವುದಿಲ್ಲ. ಅಂಕಿ ಬೇಕು. ಅಂಕಿ ಇಲ್ಲದ ನಿರಾಕರಣೆ ಅಹಂಕಾರದಂತೆ ಕೇಳುತ್ತದೆ, ಅಂಕಿಯ ಜೊತೆ ಬಂದ ಅದೇ ನಿರಾಕರಣೆ ವ್ಯವಹಾರಜ್ಞಾನ ಎನಿಸಿಕೊಳ್ಳುತ್ತದೆ.

ನಮ್ಮ ಟೆಸ್ಟರ್ ಕೆಳಗಿನ ಅಂಚಿನಿಂದ ಶುರುಮಾಡುತ್ತಾಳೆ: ಎಷ್ಟಕ್ಕಿಂತ ಕಡಿಮೆಯಾದರೆ ಈ ಕೆಲಸ ಬಿಟ್ಟು ಹೋಗುವುದರಲ್ಲಿ ಅರ್ಥವಿಲ್ಲ? ಈಗಿನ ಫಿಕ್ಸೆಡ್ 8.07. ಏಪ್ರಿಲ್‌ನಲ್ಲಿ ಶೇ. 8 ಸೇರಿದರೆ ಇದ್ದಲ್ಲೇ 8.7 ಆಗುತ್ತದೆ. ವೇರಿಯಬಲ್ ಜೂನ್‌ನಲ್ಲಿ ಬರುತ್ತದೆ, ಆದರೆ ಆ ದಿನ ಕಂಪನಿಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಮೊದಲೇ ಹೊರಟರೆ 96,000 ಬಿಟ್ಟುಕೊಟ್ಟಂತೆ. ಹೊಸ ಆಫೀಸು ವೈಟ್‌ಫೀಲ್ಡಿನಲ್ಲಿ. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊ ನೇರ ಇದೆ, ಆದರೂ ದಿನಕ್ಕೆ ಎರಡೂವರೆ ಗಂಟೆ ದಾರಿಯಲ್ಲೇ ಹೋಗುತ್ತದೆ. ಇದನ್ನೆಲ್ಲ ತೂಗಿ ಆಕೆ ಮನಸ್ಸಿನಲ್ಲಿ 11.5 ಲಕ್ಷ ಫಿಕ್ಸೆಡ್ ಎಂದು ಗೆರೆ ಎಳೆಯುತ್ತಾಳೆ. ಈ ಅಂಕಿಯನ್ನು ಯಾರಿಗೂ ಹೇಳಬೇಕಾಗಿಲ್ಲ.

ಆಮೇಲೆ ಪೇಟೆಯ ದರ. ಅಂತರ್ಜಾಲದ ಸಂಬಳ ತಾಣಗಳಲ್ಲಿ ಕಾಣುವ ಅಂಕಿಗಳು ಜನ ತಾವಾಗಿ ತುಂಬಿದವು. ಒಬ್ಬರು ಸಿಟಿಸಿ ಬರೆದಿರುತ್ತಾರೆ, ಮತ್ತೊಬ್ಬರು ಕೈಗೆ ಬರುವುದನ್ನು, ಕೆಲವು ಮೂರು ವರ್ಷ ಹಳೆಯವು. ಅಂದಾಜಿಗೆ ಸಾಕು, ಆಧಾರಕ್ಕೆ ಸಾಲದು. ಇತ್ತೀಚೆಗೆ ಕೆಲಸ ಬದಲಿಸಿದ ಹಳೆಯ ಸಹೋದ್ಯೋಗಿಗಳ ಮಾತು ಇದಕ್ಕಿಂತ ಗಟ್ಟಿ. ‘ನಿಂಗೆಷ್ಟು ಬರುತ್ತೆ’ ಎಂದು ನೇರ ಕೇಳಿದರೆ ಗೆಳೆಯರೂ ನುಣುಚಿಕೊಳ್ಳುತ್ತಾರೆ. ‘ಆರು ವರ್ಷ ಅನುಭವ, ಆಟೊಮೇಷನ್ ಗೊತ್ತು, ಇಬ್ಬರ ಟೀಮ್ ನೋಡಿಕೊಳ್ಳಬೇಕು, ಇಂಥ ರೋಲ್‌ಗೆ ನಿಮ್ಮಲ್ಲಿ ಎಷ್ಟು ಫಿಕ್ಸೆಡ್ ಕೊಡ್ತಾರೆ’ ಎಂದು ಕೇಳಿದರೆ ಸಲೀಸಾಗಿ ಹೇಳುತ್ತಾರೆ. ಆಕೆಗೆ ಹೀಗೆ ಸಿಕ್ಕ ಅಂಕಿಗಳು 12ರಿಂದ 15 ಲಕ್ಷದ ನಡುವೆ ಇದ್ದವು ಎಂದುಕೊಳ್ಳೋಣ.

ಈಗ ಹೇಳಬೇಕಾದ ಶ್ರೇಣಿ: 12.5ರಿಂದ 14.5 ಲಕ್ಷ, ಫಿಕ್ಸೆಡ್. ಕೆಳತುದಿ ತಾನು ಎಳೆದ ಗೆರೆಗಿಂತ ಒಂದು ಲಕ್ಷ ಮೇಲಿದೆ, ಏಕೆಂದರೆ ಎಚ್‌ಆರ್‌ನವರು ಶ್ರೇಣಿಯಲ್ಲಿ ಕೇಳಿಸಿಕೊಳ್ಳುವುದು ಕೆಳತುದಿಯನ್ನು ಮಾತ್ರ, ಮತ್ತು ಅದರಿಂದಲೂ ಸ್ವಲ್ಪ ಕೆಳಗಿಳಿಸಲು ನೋಡುತ್ತಾರೆ. ಮೇಲ್ತುದಿ ತಾನು ಕೇಳಿ ತಿಳಿದ ದರದೊಳಗೇ ಇದೆ. ಎರಡರ ಅಂತರ ಕೆಳತುದಿಯ ಶೇ. 16. ಇದಕ್ಕಿಂತ ತೀರಾ ಹೆಚ್ಚಿದ್ದರೆ, ಉದಾಹರಣೆಗೆ 11ರಿಂದ 18 ಎಂದರೆ, ಈಕೆಗೆ ತನ್ನ ಬೆಲೆ ಗೊತ್ತಿಲ್ಲ ಎಂದಾಗುತ್ತದೆ, 11ಕ್ಕೇ ಮುಗಿಸುತ್ತಾರೆ.

‘ಫಿಕ್ಸೆಡ್’ ಎಂಬ ಮಾತನ್ನು ಬಿಟ್ಟರೆ ಈ ಲೆಕ್ಕವೆಲ್ಲ ನೀರಿಗೆ ಹಾಕಿದಂತೆ. ಆಕೆ ಬರೀ ‘12.5’ ಎಂದಳು, ಎಚ್‌ಆರ್ ಅದನ್ನು ಸಿಟಿಸಿ ಎಂದು ಬರೆದುಕೊಂಡರು ಎನ್ನಿ. ಮೇಲಿನ ರೀತಿಯಲ್ಲೇ ವಿಂಗಡಿಸಿದರೆ ವೇರಿಯಬಲ್ಲಿಗೆ 1.25 ಲಕ್ಷ, ಪಿಎಫ್, ಗ್ರಾಚ್ಯುಯಿಟಿ, ವಿಮೆ ಸೇರಿ ಇನ್ನೂ ಅರವತ್ತು ಸಾವಿರದ ಆಸುಪಾಸು ಹೋಗಿ ಫಿಕ್ಸೆಡ್ ಉಳಿಯುವುದು 10.6 ಲಕ್ಷ. ಆಕೆಯ ಗೆರೆಗಿಂತ ಸುಮಾರು ಒಂದು ಲಕ್ಷ ಕೆಳಗೆ! ಇನ್ನೂ ಒಂದು ತಮಾಷೆ ನೋಡಿ: ಸ್ಲಿಪ್ಪು ಕೊಟ್ಟು, 9.6 ಒಪ್ಪಿಕೊಂಡು, ಅದರ ಮೇಲೆ ಶೇ. 30 ಹೈಕ್ ಪಡೆದಿದ್ದರೂ ಬರುತ್ತಿದ್ದದ್ದು 12.48. ಒಂದು ಪದ ಬಿಟ್ಟದ್ದಕ್ಕೆ ಇಷ್ಟೆಲ್ಲ ಜಾಣತನ ಮಾಡಿಯೂ ಅಲ್ಲಿಗೇ ಬಂದು ನಿಂತಂತಾಯಿತು.

ಫೋನಿನಲ್ಲಿ ಇದು ಹೇಗೆ ನಡೆಯುತ್ತದೆ?

‘ಮೇಡಂ, ಕರೆಂಟ್ ಸಿಟಿಸಿ ಎಷ್ಟಿದೆ? ಮೂರು ತಿಂಗಳ ಪೇಸ್ಲಿಪ್ ಕಳಿಸ್ತೀರಾ?’

‘ಸರ್, ಈ ರೋಲ್‌ಗೆ ನಾನು ನೋಡ್ತಿರೋದು ಫಿಕ್ಸೆಡ್ ಹನ್ನೆರಡೂವರೆಯಿಂದ ಹದಿನಾಲ್ಕೂವರೆ ಲಕ್ಷ, ವೇರಿಯಬಲ್ ಬೇರೆ. ಜೆಡಿ ಓದಿದೆ, ಆಟೊಮೇಷನ್ ಜೊತೆಗೆ ಇಬ್ಬರ ಟೀಮ್ ನೋಡ್ಕೊಳ್ಳೋದೂ ಇದೆ. ಅದನ್ನ ನೋಡಿ ಹೇಳ್ತಿದೀನಿ. ನಿಮ್ಮ ಬಜೆಟ್ ಇದರೊಳಗೆ ಬರುತ್ತಾ?’

‘ಬಜೆಟ್ ತೊಂದ್ರೆ ಇಲ್ಲ ಅನ್ಸುತ್ತೆ ಮೇಡಂ. ಆದ್ರೆ ಸ್ಲಿಪ್ ಬೇಕಲ್ವಾ, ಕ್ಲೈಂಟ್ ಕೇಳ್ತಾರೆ.’

‘ಕೊಡಲ್ಲ ಅಂತಲ್ಲ ಸರ್. ಆಫರ್ ಆದ್ಮೇಲೆ ವೆರಿಫಿಕೇಷನ್‌ಗೆ ಸ್ಲಿಪ್, ಫಾರ್ಮ್ 16, ರಿಲೀವಿಂಗ್ ಲೆಟರ್ ಎಲ್ಲಾ ಕೊಡ್ತೀನಿ. ಸಂಬಳದ ವಿವರ ಹೊರಗೆ ಕೊಡಬಾರದು ಅಂತ ನಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿದೆ, ಅದಕ್ಕೆ ಈಗಲೇ ಬೇಡ. ಟ್ರ್ಯಾಕರ್‌ನಲ್ಲಿ ಎಕ್ಸ್‌ಪೆಕ್ಟೆಡ್ 12.5–14.5 ಫಿಕ್ಸೆಡ್ ಅಂತ ಹಾಕ್ಕೊಳ್ಳಿ. ನೋಟಿಸ್ 90 ದಿನ, ಬೈಔಟ್ ಇದೆ.’

ಇಲ್ಲಿ ನೋಡಬೇಕಾದದ್ದು ಮಾತಿನ ಕ್ರಮ. ಅಂಕಿ ಮೊದಲು ಬಂತು, ಅದರ ಹಿಂದೆ ಹುದ್ದೆಗೆ ಸಂಬಂಧಿಸಿದ ಒಂದು ಕಾರಣ, ಕೂಡಲೇ ಬಜೆಟ್ಟಿನ ಪ್ರಶ್ನೆ. ಇಲ್ಲ ಎಂಬ ಮಾತು ಬಂದದ್ದು ಇವೆಲ್ಲ ಆದ ಮೇಲೆ, ಅದೂ ‘ಆಮೇಲೆ ಕೊಡುತ್ತೇನೆ’ ಎಂಬ ರೂಪದಲ್ಲಿ. ಕೇಳಿದವರಿಗೆ ಬರೆದುಕೊಳ್ಳಲು ಅಂಕಿ ಸಿಕ್ಕಿತು, ನೋಟಿಸ್ ವಿವರ ಕೇಳುವ ಮೊದಲೇ ಸಿಕ್ಕಿತು, ಕ್ಲೈಂಟಿಗೆ ಹೇಳಲು ಒಂದು ಕಾರಣವೂ ಸಿಕ್ಕಿತು. ಆ ಕಾರಣ ನಿಜವಾಗಿರಬೇಕು ಅಷ್ಟೆ. ಗೋಪ್ಯತೆಯ ಷರತ್ತು ಅನೇಕ ನೇಮಕಾತಿ ಪತ್ರಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಇದೆಯೇ ಎಂದು ತೆಗೆದು ಓದಿ. ಇಲ್ಲದಿದ್ದರೆ ‘ವೈಯಕ್ತಿಕ ಕಾಗದಗಳನ್ನು ಆಫರ್ ಹಂತದಲ್ಲೇ ಕೊಡುವುದು ನನ್ನ ಪದ್ಧತಿ’ ಎಂದರೆ ಸಾಕು. ಫೋನು ಇಟ್ಟ ಮೇಲೆ ಇದನ್ನೇ ನಾಲ್ಕು ಸಾಲಿನ ಮೇಲ್ ಮಾಡುವುದು ಒಳ್ಳೆಯದು. ಕನ್ಸಲ್ಟೆನ್ಸಿಯವರು ದಿನಕ್ಕೆ ಹತ್ತಾರು ಜನರ ಜೊತೆ ಮಾತಾಡುತ್ತಾರೆ. ‘ಫಿಕ್ಸೆಡ್’ ಎಂದದ್ದು ಅವರಿಗೆ ನೆನಪಿರುತ್ತದೆ ಎಂದು ನಾನಂತೂ ನಂಬುವುದಿಲ್ಲ.

ಎರಡನೆಯ ಸಲವೂ ಒತ್ತಾಯಿಸಿದರೆ? ಕಾಗದ ಬೇರೆ, ಅಂಕಿ ಬೇರೆ ಎಂಬುದನ್ನು ಆಗ ಬಳಸಿಕೊಳ್ಳಬಹುದು. ಸ್ಲಿಪ್ಪು ಕೊಡದೆ, ಒಟ್ಟು ಸಿಟಿಸಿಯನ್ನಷ್ಟೇ ಬಾಯಿಮಾತಿನಲ್ಲಿ ಹೇಳುವುದು ಒಂದು ಹೆಜ್ಜೆ ಹಿಂದೆ ಸರಿದಂತೆ, ಸೋತಂತಲ್ಲ. ಹೇಳುವುದಾದರೆ ಪೂರ್ತಿ ಹೇಳಬೇಕು: ‘ವೇರಿಯಬಲ್ ಸೇರಿ 9.6, ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಬಾಕಿ ಇದೆ. ಆದರೆ ಈ ರೋಲ್ ಬೇರೆ, ಇದಕ್ಕೆ ನನ್ನ ನಿರೀಕ್ಷೆ ಹನ್ನೆರಡೂವರೆಯಿಂದ.’ ಹಳೆಯ ಅಂಕಿಯ ಬೆನ್ನಿಗೇ ಹೊಸದು ಬರಬೇಕು, ನಡುವೆ ಮೌನಕ್ಕೆ ಜಾಗ ಕೊಡಬಾರದು. ಕೊಟ್ಟರೆ ಆ ಮೌನದಲ್ಲಿ ಶೇ. 30ರ ಲೆಕ್ಕ ನಡೆದುಹೋಗುತ್ತದೆ.

ಮಾಡಲೇಬಾರದ್ದು ಒಂದಿದೆ, 9.6 ಇದ್ದದ್ದನ್ನು 12 ಎಂದು ಹೇಳುವುದು. ಹೇಳದಿರುವುದು ನಿಮ್ಮ ಹಕ್ಕು, ಸುಳ್ಳು ಹೇಳುವುದು ಹಾಗಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸ್ಲಿಪ್ಪು, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದಕ್ಕೊಂದು ತಾಳೆ ನೋಡುತ್ತಾರೆ. ಹಣಕಾಸು ವರ್ಷದ ನಡುವೆ ಸೇರಿದರೆ ತೆರಿಗೆ ಕಡಿತದ ಲೆಕ್ಕಕ್ಕಾಗಿ ಹಿಂದಿನ ಕಂಪನಿಯ ಆದಾಯದ ವಿವರ ಹೊಸ ಕಂಪನಿಗೆ ಕೊಡಬೇಕಾಗುತ್ತದೆ. ಎಲ್ಲೋ ಒಂದು ಕಡೆ ಅಂಕಿ ಹೊರಬರುತ್ತದೆ. ಸೇರಿದ ಮೇಲೆ ಸಿಕ್ಕಿಬಿದ್ದರೂ ಕೆಲಸದಿಂದ ತೆಗೆಯಬಹುದು, ಹಾಗೆಂದು ಆಫರ್ ಲೆಟರ್‌ನಲ್ಲೇ ಬರೆದಿರುತ್ತಾರೆ.

ಕಂಪನಿಗಳ ಸ್ವಂತ ಪೋರ್ಟಲ್‌ಗಳು ಇನ್ನೊಂದು ತಲೆನೋವು. ಕರೆಂಟ್ ಸಿಟಿಸಿ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಸೊನ್ನೆ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸೊನ್ನೆ ಹಾಕಿದ ಅರ್ಜಿಯನ್ನು ಮನುಷ್ಯರು ಓದಿದರೆ ಸರಿ, ಅಂಕಿ ನೋಡಿ ಜರಡಿ ಹಿಡಿಯುವ ವ್ಯವಸ್ಥೆ ಇದ್ದರೆ ಅಲ್ಲೇ ಉದುರುತ್ತದೆ. ಷರಾ ಬರೆಯುವ ಜಾಗವಿದ್ದರೆ ನಿರೀಕ್ಷೆಯ ಶ್ರೇಣಿಯನ್ನು ಅಲ್ಲಿ ಬರೆಯಬಹುದು, ಇಲ್ಲದಿದ್ದರೆ ಆ ಕಂಪನಿಯಲ್ಲಿರುವ ಪರಿಚಯದವರ ರೆಫರಲ್ ಮೂಲಕ ಹೋಗುವುದು ವಾಸಿ. ಎರಡೂ ಆಗದಿದ್ದರೆ ನಿಜವಾದ ಅಂಕಿ ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ.

ಸ್ಲಿಪ್ಪು ಕೊಡಬೇಕಾದ ಗಳಿಗೆಯ ಬಗ್ಗೆಯೂ ಗೊಂದಲವಿದೆ. ಲಿಖಿತ ಆಫರ್ ಬಂದ ಮೇಲೆ ಎಂಬುದು ಪುಸ್ತಕದ ಉತ್ತರ. ನಿಜದಲ್ಲಿ ಅನೇಕ ಕಂಪನಿಗಳು ಕಾಗದಪತ್ರ ಅಪ್‌ಲೋಡ್ ಆಗದೆ ಆಫರ್ ಲೆಟರ್ ಸಿದ್ಧಪಡಿಸುವುದೇ ಇಲ್ಲ. ನಮ್ಮ ಟೆಸ್ಟರ್‌ಗೂ ಹಾಗೇ ಆಯಿತು ಎಂದುಕೊಳ್ಳೋಣ. ಮೂರು ಸುತ್ತು ಮುಗಿದಿದೆ, ಮ್ಯಾನೇಜರ್ ಒಪ್ಪಿದ್ದಾರೆ, ಎಚ್‌ಆರ್ ಫೋನಿನಲ್ಲಿ ‘ಫಿಕ್ಸೆಡ್ 12.75, ವೇರಿಯಬಲ್ 1.25’ ಎಂದರು, ಜೊತೆಗೆ ಸ್ಲಿಪ್ಪು ಕೇಳಿದರು. ಆಕೆ ಹೇಳಬೇಕಾದದ್ದು ಇಷ್ಟು: ‘ಆಗಲಿ ಮೇಡಂ. ಈಗ ಹೇಳಿದ ಅಂಕಿಗಳನ್ನು ಒಂದು ಮೇಲ್‌ನಲ್ಲಿ ಹಾಕಿಬಿಡಿ, ವೆರಿಫಿಕೇಷನ್‌ಗೆ ಒಳಪಟ್ಟು ಎಂದೇ ಬರೆಯಿರಿ. ಅದೇ ಮೇಲ್‌ಗೆ ಉತ್ತರವಾಗಿ ಕಾಗದ ಕಳಿಸ್ತೀನಿ.’ ಆ ಮೇಲ್ ಕಾನೂನಿನ ಕರಾರೇನಲ್ಲ. ಆದರೆ ಬರೆದು ಕೊಟ್ಟ ಅಂಕಿಯನ್ನು ಸ್ಲಿಪ್ಪು ನೋಡಿದ ಮೇಲೆ ಇಳಿಸಲು ಎಚ್‌ಆರ್‌ಗೆ ಮುಜುಗರವಾಗುತ್ತದೆ, ಬಾಯಿಮಾತಿನ ಅಂಕಿಯನ್ನು ಇಳಿಸಲು ಆಗುವುದಿಲ್ಲ. ಹಾಗೂ ಇಳಿಸಲು ಬಂದರೆ, ‘ನನ್ನ ಹಳೆಯ ಸಂಬಳ ಈ ಹುದ್ದೆಯ ಕೆಲಸವನ್ನು ಬದಲಿಸಿಲ್ಲವಲ್ಲ’ ಎಂದು ಒಮ್ಮೆ ಹೇಳಿ ನೋಡಬಹುದು. ಆಕೆಯ ಗೆರೆ ಆಕೆಗೆ ಗೊತ್ತು, 11.5ಕ್ಕಿಂತ ಕೆಳಗೆ ಹೋದರೆ ಬಿಡುತ್ತಾಳೆ.

ಕಳಿಸುವಾಗ ಬ್ಯಾಂಕ್ ಖಾತೆಯ ಸಂಖ್ಯೆಯಲ್ಲಿ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ಮುಚ್ಚಬಹುದು, ಯಾರೂ ಬೇಡವೆನ್ನುವುದಿಲ್ಲ. ಸಂಬಳದ ಸಾಲುಗಳನ್ನು ಮುಟ್ಟಬಾರದು, ತಿದ್ದಿದ ಅನುಮಾನ ಬರುತ್ತದೆ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ, ಕಂಪನಿಯ ಪೋರ್ಟಲ್‌ಗೋ ಎಚ್‌ಆರ್‌ನ ಅಧಿಕೃತ ಮೇಲ್‌ಗೋ ಕಳಿಸಿ. ಕನ್ಸಲ್ಟೆನ್ಸಿಯವರ ವಾಟ್ಸಾಪ್‌ಗೆ ಬೇಡ. ವೇರಿಯಬಲ್ ಸ್ಲಿಪ್ಪಿನಲ್ಲಿ ಕಾಣುವುದಿಲ್ಲವಾದ್ದರಿಂದ ಕಳೆದ ಇನ್‌ಕ್ರಿಮೆಂಟ್ ಪತ್ರವನ್ನೂ ಜೊತೆಗಿಡಬೇಕು. 9.6ರ ಪೂರ್ತಿ ವಿಂಗಡಣೆ ಇರುವುದು ಅದರಲ್ಲಿಯೇ.

ಈ ಉಪಾಯ ನಡೆಯದ ಕಡೆಗಳೂ ಇವೆ. ಒಂದೇ ದಿನ ನೂರಾರು ಜನರನ್ನು ತೆಗೆದುಕೊಳ್ಳುವ ವಾಕ್‌ಇನ್‌ಗಳಲ್ಲಿ, ನಿಯಮವನ್ನು ಯಾರಿಗೂ ಸಡಿಲಿಸದ ದೊಡ್ಡ ಸರ್ವಿಸ್ ಕಂಪನಿಗಳಲ್ಲಿ, ಬಾಗಿಲಲ್ಲಿ ಕೂತವರಿಗೆ ನಿಮ್ಮ ಮಾತು ಕೇಳುವ ಅಧಿಕಾರವೇ ಇರುವುದಿಲ್ಲ. ಕೆಲಸ ಕಳೆದುಕೊಂಡು ಮನೆಯಲ್ಲಿರುವವರು, ಕಂತು ಕಟ್ಟಬೇಕಾದವರು ಸ್ಲಿಪ್ಪು ಕೊಟ್ಟು ಮುಂದೆ ಹೋದರೆ ಅದರಲ್ಲಿ ತಪ್ಪೇನೂ ಇಲ್ಲ. ಪೇಟೆಯ ದರಕ್ಕಿಂತ ಈಗಾಗಲೇ ಹೆಚ್ಚು ಪಡೆಯುತ್ತಿರುವವರಿಗೆ ಸ್ಲಿಪ್ಪೇ ದೊಡ್ಡ ಸಾಕ್ಷಿ, ಅವರು ಅಡಗಿಸಬೇಕಾದ ಅಗತ್ಯವೇ ಇಲ್ಲ. ಸರ್ಕಾರಿ ನೌಕರಿಯಂತೂ ಪೂರ್ತಿ ಬೇರೆ ಲೋಕ. ಅಲ್ಲಿ ವೇತನ ಶ್ರೇಣಿ ಅಧಿಸೂಚನೆಯಲ್ಲೇ ಅಚ್ಚಾಗಿರುತ್ತದೆ, ಚೌಕಾಸಿ ಇಲ್ಲ. ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗುವವರು ಈಗಿನ ವೇತನ ಉಳಿಸಿಕೊಳ್ಳಬೇಕಾದರೆ ಕೊನೆಯ ವೇತನ ಪ್ರಮಾಣಪತ್ರವನ್ನು, ಎಲ್‌ಪಿಸಿ ಎನ್ನುತ್ತಾರಲ್ಲ ಅದನ್ನು, ತಾವೇ ಮುಂದಾಗಿ ಒಯ್ದು ಕೊಡಬೇಕಾಗುತ್ತದೆ.